ಆಯಿ ವಿಡಿಯೊ ಕಾಲ್ ಬೇಡ ಅಂದದ್ದು ಯಾಕೆ?

ಗುರುತು ಸಿಗದಂತೆ ಕೆಲವು ವಿವರ ಬದಲಿಸಿದ್ದೇನೆ. ಮನೆಯವರ ಒಪ್ಪಿಗೆ ಇದೆ.

ಬಾಗಲಕೋಟೆ ಜಿಲ್ಲೆಯ ರಬಕವಿ-ಬನಹಟ್ಟಿ ಕಡೆಯ ನೇಕಾರ ಕುಟುಂಬ. ಆಯಿಗೆ 74 ವರ್ಷ. ಆಪ್ತಸಲಹೆಗೆ ಅಂತ ನನ್ನ ಹತ್ತಿರ ಕರೆತಂದಾಗ ಮಗ, ಸೊಸೆ ಇಬ್ಬರೂ ಜೊತೆಗೆ ಬಂದಿದ್ದರು. ಮಗನೇ ಮೊದಲು ಮಾತು ತೆಗೆದರು. "ಅವ್ವಗ ಅರಳು ಮರಳು ಶುರು ಆಗೇದ ಅನಸ್ತದರಿ. ನಾವು ಕೇಳೂದು ಒಂದು, ಆಕಿ ಹೇಳೂದು ಒಂದು. ಮೊಮ್ಮಗ ಜರ್ಮನಿಯಿಂದ ವಿಡಿಯೊ ಕಾಲ್ ಮಾಡಿದ್ರ ಎದ್ದು ಒಳಗ ಹೋಗ್ತಾಳ."

ಆಯಿ ಪಕ್ಕದಲ್ಲೇ ಕೂತಿದ್ದರು. ಮಗ ಏನು ಹೇಳಿದ ಅನ್ನೋದು ಅವರಿಗೆ ತಿಳಿದಂತೆ ಕಾಣಲಿಲ್ಲ.

ಬೇಸಿಗೆಯಲ್ಲಿ ಅಜ್ಜ ತೀರಿಕೊಂಡಿದ್ದರು. ಮೊಮ್ಮಗನಿಗೆ ಮಣ್ಣಿಗೆ ಬರಲು ಆಗಿರಲಿಲ್ಲ. ಅಲ್ಲಿಯತನಕ ಅವನು ವಾರಕ್ಕೊಮ್ಮೆ ಬರೀ ಫೋನ್ ಮಾಡುತ್ತಿದ್ದ. "ಆರಾಮ ಅದಿಯಾ, ಊಟ ಆತಾ, ಹುಷಾರ ಇರು" ಅಷ್ಟರಲ್ಲಿ ಮಾತು ಮುಗಿಯುತ್ತಿತ್ತು. ಸೆಪ್ಟೆಂಬರಿನ ಒಂದು ಭಾನುವಾರ ಸಂಜೆ ಮೊದಲ ಸಲ ವಿಡಿಯೊ ಕಾಲ್ ಮಾಡಿದ. ಅವತ್ತು ಏನಾಯಿತು ಅಂತ ನಾನು ಒಬ್ಬೊಬ್ಬರನ್ನೇ ಬೇರೆ ಬೇರೆ ಕೂರಿಸಿ ಕೇಳಿದೆ. ಆಯಿ ಹತ್ತಿರವಂತೂ ಬಾಗಿಲು ಹಾಕಿ, ಎದುರಿಗೆ ಕೂತು, ನಿಧಾನವಾಗಿ ಕೇಳಿದೆ.

ಪಡಸಾಲೆಯಲ್ಲಿ ಮನೆಮಂದಿ, ಪಕ್ಕದ ಮನೆಯವರು ಎಲ್ಲಾ ಸೇರಿದ್ದರಂತೆ. ಗೋಡೆಯ ಆಚೆ ಪವರ್‌ಲೂಮ್ ನಡೆಯುತ್ತಿದ್ದವು. ಸ್ಪೀಕರ್ ಹಾಕಿ ಫೋನನ್ನು ಆಯಿ ಕೈಗೆ ಕೊಟ್ಟರು. ಫೋನ್ ಮಡಿಲಲ್ಲಿ, ಮೇಲೆ ಟ್ಯೂಬ್‌ಲೈಟ್, ಗಾಜಿನ ತುಂಬ ಅದರದೇ ಹೊಳಪು. ಅಲ್ಲಿ ಮೊಮ್ಮಗ ಕಿಟಕಿಗೆ ಬೆನ್ನು ಹಾಕಿ ಕೂತಿದ್ದ. ನಮ್ಮಲ್ಲಿ ಸಂಜೆ 7 ಗಂಟೆ ಅಂದರೆ ಅಲ್ಲಿ ಆಗ ಮಧ್ಯಾಹ್ನ 3:30. ಹಿಂದಿನ ಬೆಳಕು ಜೋರಾಗಿದ್ದರೆ ಕ್ಯಾಮೆರಾ ಆ ಬೆಳಕಿಗೆ ಹೊಂದಿಕೊಳ್ಳುತ್ತದೆ, ಮುಖ ಕಪ್ಪಾಗುತ್ತದೆ. ಆಯಿಗೆ ಅವನ ಮುಖ ಕಂಡದ್ದು ಮಬ್ಬು ಮಬ್ಬಾಗಿ, ಅಷ್ಟೇ.

"ಮಾರಿ ಕೆಳಗ ಹಾಕಿಕೊಂಡ ಮಾತಾಡಿದ್ನರಿ," ಅಂದರು ಆಯಿ. "ಒಮ್ಮೆನೂ ನನ್ನ ಕಣ್ಣಾಗ ಕಣ್ಣಿಟ್ಟ ನೋಡಲಿಲ್ಲ. ನಾ ಮಾತಾಡಿದ್ರ ಸುಮ್ಮನ ಆಗ್ತಿದ್ದ. ಕಡೀಕ ಬರಂಗಿಲ್ಲ ಅಂದ. ಸಿಟ್ಟ ಬಂದದ ಅವಗ."

ಇನ್ನೊಂದು ಮಾತನ್ನು ಅವರು ತುಸು ತಡೆದು ಹೇಳಿದರು. "ಮೂಲ್ಯಾಗ ಒಬ್ಬಾಕಿ ಮುದುಕಿ ಇದ್ದಳು. ಹಣಿ ಖಾಲಿ. ಯಾರಂತ ನೋಡಿದ್ರ ನಾನ." ಗಂಡ ಹೋದ ಮೇಲೆ ಅವರು ಕನ್ನಡಿ ನೋಡಿಕೊಂಡಿರಲಿಲ್ಲ. ಮೊಮ್ಮಗನನ್ನು ನೋಡಲು ಕೂತಾಗ ಪರದೆಯ ಮೂಲೆಯಲ್ಲಿ ಕುಂಕುಮವಿಲ್ಲದ ತಮ್ಮದೇ ಮುಖ ಎದುರಾಗಿತ್ತು. ಅದು ಸಣ್ಣ ಸಂಗತಿಯಲ್ಲ.

ಮರೆವಿನ ವಿಷಯಕ್ಕೆ ಬರೋಣ. ನನ್ನ ಮುಖ ಕಾಣುವಂತೆ ಕೂತು, ಸಹಜ ದನಿಯಲ್ಲಿ ಮಾತಾಡಿಸಿದಾಗ ಆಯಿ ಎಲ್ಲದಕ್ಕೂ ಸರಿಯಾಗಿ ಉತ್ತರ ಕೊಟ್ಟರು. ಹಿಂದಿನ ವಾರ ಯಾರ ಮನೆ ಸೀಮಂತಕ್ಕೆ ಹೋಗಿದ್ದರು, ಏನು ಉಡಿ ತುಂಬಿದರು ಅಂತ ಹೇಳಿದರು. ಎಮ್ಮೆ, ಕೀಲಿ, ಮಲ್ಲಿಗೆ ಅಂತ ಮೂರು ಹೆಸರು ಹೇಳಿ, ಬೇರೆ ಮಾತು ಆಡಿ, ಕೆಲವು ನಿಮಿಷ ಬಿಟ್ಟು ಕೇಳಿದೆ. ಮೂರನ್ನೂ ಹೇಳಿದರು. ಆಮೇಲೆ ಒಂದು ಹಾಳೆಯನ್ನು ಬಾಯಿಗೆ ಅಡ್ಡ ಹಿಡಿದು, ಅದೇ ದನಿಯಲ್ಲಿ, "ನಿಮ್ಮ ತವರುಮನಿ ಯಾವ ಊರು?" ಅಂದೆ.

"ಹೂಂ, ಊಟ ಆತು," ಅಂದರು.

ಹಾಳೆ ಕೆಳಗಿಳಿಸಿ ಮತ್ತೆ ಕೇಳಿದೆ. "ತೇರದಾಳ," ಅಂದರು ತಕ್ಷಣ.

ಆಯಿ ಇಷ್ಟು ದಿನ ತುಟಿ ನೋಡಿ ಮಾತು ತಿಳಿದುಕೊಳ್ಳುತ್ತಿದ್ದರು. ಅದು ಅವರಿಗೂ ಗೊತ್ತಿರಲಿಲ್ಲ. ವಯಸ್ಸಾದಂತೆ ಕಿವಿ ಮೊದಲು ಕಳೆದುಕೊಳ್ಳೋದು ಸಣ್ಣ, ತೀಕ್ಷ್ಣ ದನಿಗಳನ್ನು. ಸ, ಶ, ತ, ಕ ಇಂಥ ಅಕ್ಷರಗಳು ತೇಲಿ ಹೋಗುತ್ತವೆ. ಹಾಗಾಗಿ ಯಾರೋ ಮಾತಾಡುತ್ತಿದ್ದಾರೆ ಅಂತ ಕೇಳಿಸುತ್ತದೆ, ಏನು ಮಾತಾಡಿದರು ಅನ್ನೋದು ತಿಳಿಯಲ್ಲ. ಇದರ ಮೇಲೆ ಆಯಿ ಮದುವೆಯಾಗಿ ಬಂದಾಗಿನಿಂದ ಮಗ್ಗದ ಸದ್ದಿನ ನಡುವೆಯೇ ಕಂಡಿಕೆ ಸುತ್ತಿದವರು. ಹಳೆಯ ಫೋನ್ ಮಾತು ಸಲೀಸಾಗಿ ನಡೆದದ್ದು ಯಾಕೆಂದರೆ, ಪ್ರತಿ ಸಲವೂ ಅದೇ ಪ್ರಶ್ನೆ, ಅದೇ ಉತ್ತರ. ಅಂದಾಜಿನ ಮೇಲೆ ನಡೆದುಹೋಗುತ್ತಿತ್ತು. ವಿಡಿಯೊದಲ್ಲಿ ಹುಡುಗ ಮೊದಲ ಸಲ ಉದ್ದುದ್ದ ಮಾತಾಡಿದ. ಕಿವಿಯ ತೊಂದರೆ ಆಗ ಹೊರಗೆ ಬಂತು, ಮನೆಯವರು ಅದನ್ನು ಮರೆವು ಅಂದುಕೊಂಡರು.

ಹಾಳೆ ಅಡ್ಡ ಹಿಡಿಯೋದು ಪರೀಕ್ಷೆಯಲ್ಲ, ಯಾವ ಕಡೆ ನೋಡಬೇಕು ಅಂತ ತೋರಿಸುತ್ತದೆ ಅಷ್ಟೇ. ಆಯಿಯನ್ನು ಕಿವಿ ಡಾಕ್ಟರ್ ಹತ್ತಿರ ಕಳಿಸಿದೆ. ಒಂದು ಕಿವಿಯಲ್ಲಿ ಗುಗ್ಗೆ ಗಟ್ಟಿಯಾಗಿ ಕೂತಿತ್ತು, ತೆಗೆದರು. ಆಡಿಯೊಮೆಟ್ರಿಯಲ್ಲಿ ಎರಡೂ ಕಿವಿಗೆ ತೀಕ್ಷ್ಣ ದನಿಗಳು ಸರಿಯಾಗಿ ಕೇಳುತ್ತಿಲ್ಲ ಅಂತ ಗೊತ್ತಾಯಿತು.

ಇನ್ನು ಮೊಮ್ಮಗ. ಮನೆಯವರ ಮತ್ತು ಅವನ ಒಪ್ಪಿಗೆ ಪಡೆದು ಅವನ ಜೊತೆ ಮಾತಾಡಿದೆ. ಕ್ಯಾಮೆರಾ ಇರೋದು ಫೋನಿನ ಮೇಲ್ತುದಿಯಲ್ಲಿ. ಅವನು ನೋಡುತ್ತಿದ್ದದ್ದು ಪರದೆಯ ಮೇಲಿನ ಆಯಿ ಮುಖ. ಹಾಗೆ ನೋಡಿದರೆ ಆಚೆ ಕಡೆಯವರಿಗೆ ಕಣ್ಣು ಕೆಳಗಿಳಿದಂತೆ ಕಾಣುತ್ತದೆ. ಇದನ್ನು ಹೇಳಿದಾಗ ಅವನು ಸ್ವಲ್ಪ ಹೊತ್ತು ಸುಮ್ಮನಿದ್ದ. "ಅಷ್ಟ ಅಲ್ರಿ ಮೇಡಂ," ಅಂದ. "ಅಜ್ಜನ ಮಣ್ಣಿಗೆ ಬರಲಿಲ್ಲ. ಆಯಿ ಮಾರಿ ನೋಡಾಕ ನನಗ ಖರೇನ ಆಗಲಿಲ್ಲ." ಅಂದರೆ ಆಯಿ ಕಂಡದ್ದು ಪೂರ್ತಿ ತಪ್ಪಲ್ಲ. ಹುಡುಗನ ಸಂಕಟವನ್ನು ಅವರು ಸಿಟ್ಟು ಅಂತ ಓದಿದ್ದರು.

"ಬರಂಗಿಲ್ಲ" ಅಂದದ್ದೂ ನಿಜ. ಅವನು ಹೇಳಿದ್ದು, "ದೀಪಾವಳಿಗೆ ಬರಂಗಿಲ್ಲ ಆಯಿ, ಯುಗಾದಿಗೆ ಬರ್ತೀನಿ" ಅಂತ. ನೆಟ್‌ವರ್ಕ್ ತುಂಡಾಗಿ ಅರ್ಧ ಮಾತು ಮಾತ್ರ ಆಯಿ ಕಿವಿಗೆ ಬಿತ್ತು.

ಎರಡನೇ ಕಾಲ್‌ಗೆ ತಯಾರಿ ಮಾಡಿಕೊಂಡೆವು. ಬದಲಾಗಬೇಕಾದವರು ಆಯಿ ಅಲ್ಲ, ಫೋನ್ ಮಾಡುವವರು ಅಂತ ನಾನು ಮಗ-ಸೊಸೆಗೆ ಸ್ಪಷ್ಟವಾಗಿ ಹೇಳಿದೆ. ಮೊಮ್ಮಗನಿಗೆ ಹೇಳಿದ್ದು: ಕಿಟಕಿಗೆ ಮುಖ ಮಾಡಿ ಕೂರು, ಇಲ್ಲಾ ಮುಂದೆ ದೀಪ ಇಟ್ಟುಕೋ. ಫೋನ್ ಕಣ್ಣಿನ ಎತ್ತರಕ್ಕೆ ಇರಲಿ, ತುಟಿ ಕಾಣಲಿ. ಕೂಗಬೇಡ, ಕೂಗಿದರೆ ಮಾತು ಇನ್ನೂ ಒಡೆಯುತ್ತದೆ, ಎಷ್ಟೋ ಹಿರಿಯರಿಗೆ ಜೋರು ದನಿ ಕಿವಿಗೆ ಚುಚ್ಚುತ್ತದೆ. ದನಿ ಕೀರಲಾಗದಂತೆ, ಸಹಜವಾಗಿ, ನಿಧಾನ ಮಾತಾಡು. ಒಂದು ಮಾತು ಹೇಳಿ ನಿಲ್ಲು. ಮಾತು ಅಲ್ಲಿಂದ ಇಲ್ಲಿಗೆ ಬರುವಷ್ಟರಲ್ಲಿ ತುಸು ತಡವಾಗುತ್ತದೆ. ಇಬ್ಬರೂ ಒಟ್ಟಿಗೆ ಶುರು ಮಾಡಿ ಇಬ್ಬರೂ ಒಟ್ಟಿಗೆ ನಿಲ್ಲಿಸೋದು ಆ ತಡದಿಂದಲೇ. ಊರಿಗೆ ಬರುವ ತಿಂಗಳಿನಂಥ ಮುಖ್ಯ ಮಾತನ್ನು ಎರಡು ಸಲ ಹೇಳು, ಆಯಿ ಬಾಯಲ್ಲೂ ಹೇಳಿಸು. ಆ ಮಾತು ಹೇಳುವಾಗ ಪರದೆ ಬಿಟ್ಟು ಕ್ಯಾಮೆರಾ ನೋಡು.

ಸೊಸೆಗೆ ಬೇರೆ ಕೆಲಸ. ಮಗ್ಗ ನಿಂತ ಹೊತ್ತಲ್ಲಿ, ಒಳಕೋಣೆಯಲ್ಲಿ, ಫೋನನ್ನು ಡಬ್ಬಿಗೆ ಆನಿಸಿ ನಿಲ್ಲಿಸಬೇಕು. ಕಿವಿ ಪೂರ್ತಿ ಮುಚ್ಚುವ ಹೆಡ್‌ಫೋನ್ ಹಾಕಬೇಕು. ಗೋಡೆಗೆ ಬಡಿದು ಬರುವ ಸ್ಪೀಕರ್ ಸದ್ದಿಗಿಂತ ಅದು ಎಷ್ಟೋ ಮೇಲು. ಪರದೆಯ ಮೂಲೆಯಲ್ಲಿ ಆಯಿ ಮುಖ ಬರುವ ಜಾಗಕ್ಕೆ ಸಣ್ಣ ಕಾಗದ ಅಂಟಿಸಬೇಕು. ಆಮೇಲೆ ಬಾಗಿಲು ಮುಂದೆ ಮಾಡಿ ಹೊರಗೆ ಬರಬೇಕು. ಈ ಕೊನೆಯದಕ್ಕೆ ಮಗ ಸುಲಭಕ್ಕೆ ಒಪ್ಪಲಿಲ್ಲ. "ನಾವೆಲ್ಲಾ ಕೂಡಿ ಮಾತಾಡಿದ್ರ ಏನಾತ್ರಿ?" ಅಂದರು. ಎಲ್ಲರೂ ಕೂಡಿದ ಕಡೆ ಆಯಿ ಆಡಬೇಕಾದ ಮಾತು ಹೊರಗೆ ಬರಲ್ಲ ಅಂದೆ. ಆಡಬೇಕಾದ ಮಾತು ಒಂದಿದೆ ಅಂತ ನನಗೆ ಅನ್ನಿಸಿತ್ತು.

ಆ ಕಾಲ್ ಬಹಳ ಹೊತ್ತು ನಡೆಯಿತು. ಶುರುವಿನಲ್ಲೇ ಆಯಿ ಗದರಿದರಂತೆ, "ಮೀಸಿ ಸಣ್ಣ ಮಾಡೋ, ತುಟಿ ಕಾಣವಲ್ದು." ಆಮೇಲೆ ಅಜ್ಜನ ಕೊನೆಯ ದಿನದ ಮಾತು ತೆಗೆದರು. ಅದನ್ನು ನನಗೆ ಅವರೇ ಮುಂದಿನ ಭೇಟಿಯಲ್ಲಿ ಹೇಳಿದರು. ಅಜ್ಜ ಮತ್ತೆ ಮತ್ತೆ "ಅಂವಾ ಬಂದನೇನು?" ಅಂತ ಕೇಳಿದ್ದರು. ಆಯಿ "ಹಾದ್ಯಾಗ ಅದಾನ" ಅಂದುಬಿಟ್ಟಿದ್ದರು. ಸಾಯುವ ಗಂಡನಿಗೆ ಸುಳ್ಳು ಹೇಳಿದೆ ಅನ್ನೋದು ಅವರ ಎದೆಯಲ್ಲಿ ಕೂತಿತ್ತು. ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ. ಮೊಮ್ಮಗ ಅತ್ತನಂತೆ. ಟಿಕೆಟ್ ನೋಡುತ್ತಾ ಕೂತಿದ್ದಾಗಲೇ ಸುದ್ದಿ ಬಂತು, "ಹಾದ್ಯಾಗ ಇದ್ದಂಗನ ಇದ್ದೆ ಆಯಿ" ಅಂದನಂತೆ. ಈ ಮಾತನ್ನು ಯಾವ ಆಪ್ತಸಲಹೆಗಾರರೂ ಅವರಿಗೆ ಕೊಡಲು ಆಗುತ್ತಿರಲಿಲ್ಲ. ಅವನೇ ಹೇಳಬೇಕಿತ್ತು, ಅವರಿಗೆ ಅದು ಕೇಳಿಸಬೇಕಿತ್ತು.

ನಂತರ ಭಾನುವಾರದ ಕಾಲ್ ಸರಾಗವಾಗಿ ನಡೆಯಿತು. ಅಕ್ಟೋಬರ್ ಕೊನೆಯಲ್ಲಿ ಮಾತ್ರ ಒಂದು ಎಡವಟ್ಟು. ಆ ತಿಂಗಳ ಕೊನೆಯ ಭಾನುವಾರ ಜರ್ಮನಿಯಲ್ಲಿ ಗಡಿಯಾರ ಒಂದು ಗಂಟೆ ಹಿಂದಕ್ಕೆ ಹೋಗುತ್ತದೆ. ಮೂರೂವರೆ ಗಂಟೆಯ ಅಂತರ ನಾಲ್ಕೂವರೆ ಆಗುತ್ತದೆ. ಅವನು ತನ್ನ ಗಡಿಯಾರ ನೋಡಿ ಎಂದಿನ ಹೊತ್ತಿಗೇ ಮಾಡಿದ. ಇಲ್ಲಿ ಆಯಿ ಹೆಡ್‌ಫೋನ್ ಹಾಕಿಕೊಂಡು ಒಂದು ಗಂಟೆ ಕಾದು, ಮತ್ತೆ ಸಿಟ್ಟಾದ ಅಂತ ಊಟ ಬಿಟ್ಟು ಮಲಗಿದ್ದರು. ಹೊತ್ತನ್ನು ಬನಹಟ್ಟಿ ಗಡಿಯಾರಕ್ಕೆ ಕಟ್ಟಿ ಹಾಕಿ, ಮಾರ್ಚ್ ಕೊನೆಯ ಭಾನುವಾರ ಮತ್ತೆ ಬದಲಾಗುತ್ತದೆ ಅಂತ ಕ್ಯಾಲೆಂಡರಿನಲ್ಲಿ ಗುರುತು ಹಾಕಿಸಿದೆ.

"ಹಂಗಾರ ಮರವು ಅಲ್ಲ?" ಅಂತ ಮಗ ಕೇಳಿದರು. ಈಗ ಹಾಗೆ ಕಾಣುತ್ತಿಲ್ಲ ಅಂದೆ. ಚೆನ್ನಾಗಿ ಕೇಳಿಸಿದ ಮೇಲೂ ಒಂದೇ ಪ್ರಶ್ನೆ ಪದೇ ಪದೇ ಕೇಳಿದರೆ, ಒಲೆ ಮೇಲಿಟ್ಟದ್ದು ಮರೆತರೆ, ಗೊತ್ತಿರುವ ಓಣಿಯಲ್ಲಿ ದಾರಿ ತಪ್ಪಿದರೆ ಡಾಕ್ಟರಿಗೆ ತೋರಿಸಿ. ಊಟ, ನಿದ್ದೆ ಕೆಟ್ಟು, ಯಾವುದರಲ್ಲೂ ಮನಸ್ಸಿಲ್ಲದೆ ಎರಡು ವಾರ ದಾಟಿದರೂ ಸುಮ್ನೆ ಕಾಯಬೇಡಿ. ರಾತ್ರಿ ಹೊತ್ತಲ್ಲಿ ಮಾತಾಡಬೇಕು ಅನ್ನಿಸಿದರೆ ಟೆಲಿ ಮಾನಸ್ ಸಂಖ್ಯೆ 14416 ಇದೆ, ಕನ್ನಡದಲ್ಲೇ ಮಾತಾಡುತ್ತಾರೆ.

ಕಿವಿಯಂತ್ರದ ವಿಷಯ ಇನ್ನೂ ಬಾಕಿ ಇದೆ. ಮನೆಯಲ್ಲಿ ಬಿಪಿಎಲ್ ಕಾರ್ಡ್ ಇರುವುದರಿಂದ ರಾಷ್ಟ್ರೀಯ ವಯೋಶ್ರೀ ಯೋಜನೆಯ ಶಿಬಿರದಲ್ಲಿ ವಿಚಾರಿಸಲು ಹೇಳಿದ್ದೇನೆ. 60 ದಾಟಿದವರಿಗೆ ಅದರಲ್ಲಿ ಕಿವಿಯಂತ್ರ ಉಚಿತವಾಗಿ ಸಿಗುತ್ತದೆ. ಹಾಕಿಕೊಂಡ ಮೊದಮೊದಲು ಪಾತ್ರೆ ಸದ್ದು, ಮಗ್ಗದ ಸದ್ದು ಎಲ್ಲಾ ಜಾಸ್ತಿ ಕೇಳಿ ತಲೆ ಚಿಟ್ಟು ಹಿಡಿಯುತ್ತದೆ. ದಿನಾ ಸ್ವಲ್ಪ ಹೊತ್ತು ಹಾಕಿಕೊಂಡೇ ರೂಢಿಯಾಗಬೇಕು. ಆಯಿ ಸದ್ಯ ಬೇಡ ಅಂತಿದ್ದಾರೆ. ಮೊಮ್ಮಗ ಯುಗಾದಿಗೆ ಬಂದಾಗ ಅವನೇ ಶಿಬಿರಕ್ಕೆ ಕರೆದುಕೊಂಡು ಹೋಗುತ್ತಾನೆ ಅನ್ನೋದು ಈಗಿನ ಮಾತು.