ಎರಡು ವರ್ಷದ ಗುಳೆ ಡೇಟಾ: ಬಿಟ್ಟುಹೋದ 170 ಮನೆಗಳು

ಪ್ರಶ್ನೆ: ಇಂಡಿ ತಾಲೂಕಿನ 230 ಮನೆಗಳಿಂದ ಎರಡು ವರ್ಷದ ಡೇಟಾ ತಂದಿದ್ದೇನೆ. ಆ ವರ್ಷ ಗುಳೆ ಹೋದರಾ, ಬೋರ್ ಬತ್ತಿತ್ತಾ, ಎರಡಕ್ಕೂ ಹೌದು/ಇಲ್ಲ. `xtlogit gule bore, fe` ಕೊಟ್ಟರೆ 170 ಮನೆ ಬಿಟ್ಟು 60 ಮಾತ್ರ ಇಟ್ಟುಕೊಳ್ಳುತ್ತದೆ. ಈ ಉತ್ತರ ನಂಬಬಹುದಾ?

ನಂಬಬಹುದು. ಆ 170 ಮನೆಗಳು ಎರಡೂ ವರ್ಷ ಗುಳೆ ಹೋಗಿವೆ, ಇಲ್ಲವೇ ಎರಡೂ ವರ್ಷ ಊರಲ್ಲೇ ಉಳಿದಿವೆ. ಸ್ಟಾಟಾ ಹೇಳುವ `all positive or all negative outcomes` ಅಂದರೆ ಇದೇ.

ಈ ಮಾದರಿಯಲ್ಲಿ ಪ್ರತಿ ಮನೆಗೂ ತನ್ನದೇ ಒಂದು ಆಲ್ಫಾ ಇರುತ್ತದೆ. ಹೊಲ ಎಷ್ಟು, ಗೋವಾದಲ್ಲೋ ಪುಣೆಯಲ್ಲೋ ಕೆಲಸ ಕೊಡಿಸುವ ನೆಂಟರಿದ್ದಾರಾ, ಹೀಗೆ ಎರಡು ವರ್ಷದಲ್ಲಿ ಬದಲಾಗದ್ದೆಲ್ಲ ಅದರೊಳಗೆ ಸೇರುತ್ತದೆ. ಎರಡೂ ವರ್ಷ ಹೋದ ಮನೆಗೆ ಆಲ್ಫಾ ಸುಮ್ನೆ ಏರಿಸುತ್ತಾ ಹೋದರೆ ಸಾಕು. ಬೋರಿನ ಪರಿಣಾಮ ಸೊನ್ನೆ ಇರಲಿ, ಹತ್ತು ಇರಲಿ, ಆ ಮನೆಯ ಉತ್ತರ ಸರಿಹೊಂದುತ್ತದೆ. ಹಾಗಾಗಿ ಬೋರಿನ ಬಗ್ಗೆ ಆ ಮನೆ ಏನೂ ಹೇಳುವುದಿಲ್ಲ.

ಅದಕ್ಕೇ ಈ ವಿಧಾನ ಬೇರೆ ಪ್ರಶ್ನೆ ಕೇಳುತ್ತದೆ: ಈ ಮನೆಯವರು ಒಂದೇ ವರ್ಷ ಹೋದರು ಅಂತ ಗೊತ್ತಿದೆ, ಅದು ಎರಡನೇ ವರ್ಷವೇ ಆಗಿರುವ ಸಾಧ್ಯತೆ ಎಷ್ಟು?

```
P(0,1 | y1+y2=1) = exp(β(x2-x1)) / (1 + exp(β(x2-x1)))
```

ಇಲ್ಲಿ β, ಅಂದರೆ ಬೀಟಾ, ಬೋರಿನ ಪರಿಣಾಮ. ಆ ವರ್ಷ ಬೋರ್ ಬತ್ತಿದ್ದರೆ x 1, ಗುಳೆ ಹೋಗಿದ್ದರೆ y 1, ಇಲ್ಲದಿದ್ದರೆ ಸೊನ್ನೆ. ಆಲ್ಫಾ ಮೇಲೂ ಕೆಳಗೂ ಇದ್ದು ಹೊಡೆದುಹೋಗಿದೆ, ನೋಡಿ. ಎರಡೂ ವರ್ಷ ಹೋದವರಲ್ಲಿ ಯಾವ ವರ್ಷ ಅಂತ ಕೇಳುವುದೇ ಇಲ್ಲ ಅಲ್ವಾ? ಅಲ್ಲಿ ಸಾಧ್ಯತೆ 1, ಅದರ ಲಾಗ್ 0. ಒಟ್ಟು ಲೆಕ್ಕಕ್ಕೆ ಸೊನ್ನೆ ಸೇರುತ್ತದೆ, ಅಷ್ಟೇ.

ಈಗ ನಿಮ್ಮ 60 ಮನೆ. ಅದರಲ್ಲಿ 20 ಮನೆಗಳ ಬೋರ್ ಎರಡೂ ವರ್ಷ ಒಂದೇ ಥರ ಇತ್ತು ಅಂದುಕೊಳ್ಳಿ. ಅಲ್ಲಿ x2-x1 ಸೊನ್ನೆ, ಸಾಧ್ಯತೆ ಯಾವಾಗಲೂ ಅರ್ಧ. ಸ್ಟಾಟಾ ಇವನ್ನು ಎಣಿಕೆಯಲ್ಲಿ ಇಟ್ಟುಕೊಂಡರೂ ಬೀಟಾಗೆ ಇವುಗಳಿಂದ ಏನೂ ಸಿಗುವುದಿಲ್ಲ. ಉಳಿದ 40ರಲ್ಲಿ 30 ಮನೆ ಬೋರ್ ಬತ್ತಿದ ವರ್ಷ ಹೋಗಿದ್ದರೆ, 10 ಮನೆ ನೀರಿದ್ದ ವರ್ಷ ಹೋಗಿದ್ದರೆ, ಆಡ್ಸ್ ರೇಶಿಯೋ 30/10, ಅಂದರೆ 3. ಬೀಟಾ ln 3, ಸುಮಾರು 1.10. ಕ್ಯಾಲ್ಕುಲೇಟರ್‌ನಲ್ಲೇ ಮುಗಿಯಿತು.

230 ಮನೆಗೂ ಡಮ್ಮಿ ಹಾಕಿ ಮಾಮೂಲಿ `logit` ಓಡಿಸುವ ಆಸೆ ಬಂದರೆ ಬೇಡ. ಬದಲಾಗದ ಮನೆಗಳು ಅಲ್ಲೂ ಉದುರುತ್ತವೆ. ಮೇಲಾಗಿ ಎರಡೇ ವರ್ಷದ ಡೇಟಾದಲ್ಲಿ ಬೀಟಾ ಸರಿಯಾಗಿ ದುಪ್ಪಟ್ಟಾಗಿ ಬರುತ್ತದೆ: ಇದೇ 40 ಮನೆಗಳಿಂದ ಆಡ್ಸ್ ರೇಶಿಯೋ 3ರ ಬದಲು 9. ಮನೆಗಳು ಎಷ್ಟು ಜಾಸ್ತಿ ಆದರೂ ಈ ದೋಷ ಹೋಗುವುದಿಲ್ಲ.

ಎರಡನೇ ವರ್ಷ ಜಿಲ್ಲೆಗೇ ಬರ ಬಿದ್ದಿದ್ದರೆ `i.year` ಕೂಡ ಸೇರಿಸಿ. ಇಲ್ಲದಿದ್ದರೆ ಎಲ್ಲರಿಗೂ ತಟ್ಟಿದ ಬರದ ಪರಿಣಾಮ ಬೋರಿನ ತಲೆಗೆ ಬರುತ್ತದೆ.

ಒಂದು ಮಾತು ಮಾತ್ರ ಈ ಫಲಿತಾಂಶದಿಂದ ಬರೆಯಬೇಡಿ: "ಬೋರ್ ಬತ್ತಿದರೆ ಗುಳೆ ಶೇಕಡಾ ಇಷ್ಟು ಹೆಚ್ಚುತ್ತದೆ" ಅಂತ. ಅದಕ್ಕೆ ಆಲ್ಫಾ ಬೇಕು, ಅದನ್ನು ನಾವೇ ಹೊಡೆದುಹಾಕಿದ್ದೇವೆ. ಆ ಶೇಕಡಾ ಬೇಕೇ ಬೇಕೆಂದರೆ `xtlogit, re` ಓಡಿಸಿ, ಬೋರಿನ ಎರಡು ವರ್ಷದ ಸರಾಸರಿಯನ್ನೂ ಒಂದು ಚಲಕವಾಗಿ ಸೇರಿಸಿ. 230 ಮನೆಯೂ ಉಳಿಯುತ್ತವೆ. ಆದರೆ ಆಲ್ಫಾ ಹೇಗೆ ಹರಡಿದೆ ಅನ್ನುವುದನ್ನು ನೀವು ಊಹಿಸಿಕೊಂಡ ಹಾಗಾಗುತ್ತದೆ, ಅದನ್ನು ಥೀಸಿಸ್‌ನಲ್ಲಿ ಹೇಳಿಬಿಡಿ.