ಮೇಲಿನ ಮನೆಯ ಪಾರ್ಟಿ, ಕಾರ್ಯದರ್ಶಿಗೊಂದು ಪತ್ರ

"ನಮ್ಮ ಮೇಲಿನ ಫ್ಲ್ಯಾಟಿನಲ್ಲಿ ಶನಿವಾರ ಬಂತೆಂದರೆ ರಾತ್ರಿ ಒಂದರವರೆಗೂ ಪಾರ್ಟಿ. ವಾಟ್ಸಾಪ್ ಗ್ರೂಪಿನಲ್ಲಿ ಹಾಕಿದ್ದಕ್ಕೆ ಜಗಳವೇ ಆಯಿತು. ಈಗ ಅಸೋಸಿಯೇಷನ್‌ಗೆ ದೂರು ಬರೆಯಬೇಕು. ಕೋಪ ಕಾಣದ ಹಾಗೆ ಹೇಗೆ ಬರೆಯೋದು?"
— ಓದುಗರೊಬ್ಬರು, ಬೆಂಗಳೂರು

ಪತ್ರಕ್ಕೆ ಮೊದಲು ಒಂದು ಕೆಲಸ ಮಾಡಿ. ಮುಂದಿನ ಸಲ ಗಲಾಟೆ ಶುರುವಾದಾಗ ಇಂಟರ್‌ಕಾಮ್‌ನಲ್ಲಿ ಸೆಕ್ಯುರಿಟಿಗೆ ಹೇಳಿ, ಗೇಟಿನ ರಿಜಿಸ್ಟರಿನಲ್ಲಿ ಬರೆಸಿ. ನಾಳೆ ಯಾರಾದರೂ "ಅಂಥದ್ದೇನೂ ಆಗಿಲ್ಲ" ಅಂದರೆ ಆ ಸಾಲು ನಿಮ್ಮ ಪರ ಮಾತಾಡುತ್ತದೆ.

ಮೊಬೈಲ್ ಆಪ್ ತೋರಿಸುವ ಡೆಸಿಬಲ್ ಲೆಕ್ಕವನ್ನು ಜಾಸ್ತಿ ನಂಬಬೇಡಿ. ಒಂದೊಂದು ಫೋನು ಒಂದೊಂದು ಅಂಕಿ ತೋರಿಸುತ್ತದೆ, ವಾದ ಅಲ್ಲೇ ಸಿಕ್ಕಿಕೊಳ್ಳುತ್ತದೆ. ಮನೆಯ ಯಾವ ಕೋಣೆಯಲ್ಲಿ ಏನು ಕೇಳಿಸಿತು ಅಂತ ಬರೆದರೆ ಕಮಿಟಿಯವರಿಗೆ ಬೇಗ ಅರ್ಥವಾಗುತ್ತದೆ. ಹೀಗೆ:

"ಕಾರ್ಯದರ್ಶಿಗಳಿಗೆ,
ನಾವು 304ರ ನಿವಾಸಿಗಳು. ಕಳೆದ ಮೂರು ಶನಿವಾರ 404ರಿಂದ ರಾತ್ರಿ 11ರ ನಂತರವೂ ಜೋರು ಸಂಗೀತ ಕೇಳಿಸಿದೆ. ದಿನಾಂಕ, ಸಮಯ ಕೆಳಗಿವೆ. ಕಳೆದ ವಾರ 12.40ಕ್ಕೆ, ಕಿಟಕಿ ಮುಚ್ಚಿದ್ದರೂ ಮಲಗುವ ಕೋಣೆಯಲ್ಲಿ ಹಾಡಿನ ಪದಗಳು ಸ್ಪಷ್ಟವಾಗಿ ಕೇಳಿಸುತ್ತಿದ್ದವು. ಸೆಕ್ಯುರಿಟಿಗೆ ತಿಳಿಸಿದ್ದೇವೆ, ರಿಜಿಸ್ಟರಿನಲ್ಲಿ ನಮೂದಾಗಿದೆ. ರಾತ್ರಿ 10ರ ನಂತರ ಸದ್ದು ಮನೆಯಿಂದ ಹೊರಗೆ ಬಾರದಂತೆ ನೋಡಿಕೊಳ್ಳಲು 404ಕ್ಕೆ ಲಿಖಿತವಾಗಿ ತಿಳಿಸಬೇಕು. ಮತ್ತೆ ಹೀಗಾದರೆ ಸೆಕ್ಯುರಿಟಿಯವರು ಯಾವ ಕ್ರಮ ಕೈಗೊಳ್ಳಬೇಕೆಂದು ನಿರ್ಧರಿಸಿ, 15 ದಿನದೊಳಗೆ ನಮಗೂ ತಿಳಿಸಬೇಕಾಗಿ ವಿನಂತಿ."

ಇಷ್ಟು ಸಾಕು. ಅಲ್ಲಿಗೆ ಯಾರು ಬರುತ್ತಾರೆ, ಏನು ಕುಡಿಯುತ್ತಾರೆ, ಬ್ಯಾಚುಲರ್‌ಗಳಾ, ಇದ್ಯಾವುದೂ ಪತ್ರದಲ್ಲಿ ಬೇಡ. ಅದನ್ನು ಬರೆದ ತಕ್ಷಣ ಮೀಟಿಂಗಿನಲ್ಲಿ ಚರ್ಚೆ ಸದ್ದನ್ನು ಬಿಟ್ಟು ಅವರ ಬದುಕಿನ ಮೇಲೆ ಹೋಗುತ್ತದೆ, ನಿಮಗೆ ಹೊಟ್ಟೆಕಿಚ್ಚು ಅನ್ನುವವರೂ ಹುಟ್ಟಿಕೊಳ್ಳುತ್ತಾರೆ. ಇನ್ನೊಂದು ವಿಷಯ: ಸ್ಪೀಕರಿನ ದಪ್ಪ ದನಿ ಕಾಂಕ್ರೀಟಿನ ಮೂಲಕ ಕೆಳಗಿಳಿಯುತ್ತದೆ. ನಿಮ್ಮ ಮನೆಯಲ್ಲಿ ಅದು ಎಷ್ಟು ಕೇಳುತ್ತದೆ ಅಂತ ಅವರಿಗೆ ನಿಜವಾಗಿಯೂ ಗೊತ್ತಿಲ್ಲದೆ ಇರಬಹುದು. ಸ್ಪೀಕರನ್ನು ನೆಲದಿಂದ ಎತ್ತಿ, ಬಾಸ್ ಕಡಿಮೆ ಮಾಡಿದರೆ ಎಷ್ಟೋ ವಾಸಿ.

ಪತ್ರವನ್ನು ಇಮೇಲ್ ಮಾಡಿ, ಇಲ್ಲವೇ ಎರಡು ಪ್ರತಿ ಒಯ್ದು ಒಂದರ ಮೇಲೆ ಸ್ವೀಕೃತಿ ಸಹಿ ಹಾಕಿಸಿಕೊಳ್ಳಿ. 404ರಲ್ಲಿ ಬಾಡಿಗೆದಾರರಿದ್ದರೆ ಮಾಲೀಕರಿಗೂ ಒಂದು ಪ್ರತಿ ಕಳಿಸುವಂತೆ ಕೇಳಿ. ಎಷ್ಟೋ ಸಲ ಅಸೋಸಿಯೇಷನ್ ನೋಟಿಸಿಗಿಂತ ಮಾಲೀಕರ ಒಂದು ಫೋನು ಬೇಗ ಕೆಲಸ ಮಾಡುತ್ತದೆ.

ಕಾನೂನಿನ ಬಗ್ಗೆ ಒಂದೇ ಸಾಲು ಸೇರಿಸಬಹುದು. 2000ರ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ವಸತಿ ಪ್ರದೇಶದ ಮಿತಿ 45 ಡೆಸಿಬಲ್. ಆದರೆ ಅದನ್ನು ಬೆದರಿಕೆಯ ಹಾಗೆ ಬರೆಯಬೇಡಿ. ಅಸೋಸಿಯೇಷನ್ ತನ್ನ ಬೈಲಾದಲ್ಲಿ ಇರುವಷ್ಟೇ ಮಾಡಬಲ್ಲದು: ನೋಟಿಸು, ಎಚ್ಚರಿಕೆ, ಬೈಲಾದಲ್ಲಿದ್ದರೆ ದಂಡ. ಅದಕ್ಕೂ ಬಗ್ಗದಿದ್ದರೆ 112ಕ್ಕೆ ಕರೆ ಮಾಡಿ, ಅದೂ ಸದ್ದು ಕೇಳಿಸುತ್ತಿರುವಾಗಲೇ. ಮಾರನೇ ದಿನ ಬೆಳಿಗ್ಗೆ ಬಂದ ಪೊಲೀಸರಿಗೆ ಕೇಳಿಸಲು ಏನೂ ಉಳಿದಿರುವುದಿಲ್ಲ, ಅಲ್ವಾ?

— ಸಂ.