ಕಲ್ಲಿನ ಶಿಖರದ ರೆಂಡರ್‌ನಲ್ಲಿ ಶಿಲ್ಪಗಳು ಕರಗುವುದೇಕೆ

ಪ್ರಶ್ನೆ: ಬ್ಲೆಂಡರ್‌ನಲ್ಲಿ ಹೊಯ್ಸಳ ಮಾದರಿಯ ಶಿಖರ ಮಾಡುತ್ತಿದ್ದೇನೆ. ಫೋಟೊದಿಂದ ತಯಾರಿಸಿದ ಹೈಟ್ ಮ್ಯಾಪ್ ಬಳಸಿ ಡಿಸ್‌ಪ್ಲೇಸ್‌ಮೆಂಟ್ ಕೊಟ್ಟರೆ ಮೂರ್ತಿಗಳೆಲ್ಲ ಕರಗಿದ ಮೇಣದಂತೆ ಕಾಣುತ್ತವೆ. ಸಬ್‌ಡಿವಿಷನ್ ಇನ್ನೆಷ್ಟು ಏರಿಸಬೇಕು? ಕಲ್ಲು ಹಳೆಯದಾಗಿಯೂ ಕಾಣಬೇಕು.

ಏರಿಸಲೇಬೇಡಿ. ಒಂದು ಪ್ರದರ್ಶನದ ಗೋಡೆಗಾಗಿ ಸೋಮನಾಥಪುರದ ಕೇಶವ ದೇವಾಲಯವನ್ನು ಹೋಲುವ ಶಿಖರವನ್ನು ರೆಂಡರ್ ಮಾಡಿಕೊಡಲು ಒಪ್ಪಿಕೊಂಡಿದ್ದಾಗ ನಾನೂ ಇದೇ ದಾರಿ ಹಿಡಿದಿದ್ದೆ. ಮೂರ್ತಿಗಳು ಮಸುಕಾಗಿ ಕಂಡಾಗಲೆಲ್ಲ ಸಬ್‌ಡಿವಿಷನ್ ಒಂದು ಹಂತ ಏರಿಸುತ್ತಿದ್ದೆ. ಕೊನೆಗೆ ಕಂಪ್ಯೂಟರಿನ ಮೆಮೊರಿ ಸಾಲದೆ ರೆಂಡರ್ ನಡುವೆಯೇ ನಿಂತುಹೋಗತೊಡಗಿತು. ಅಷ್ಟರಲ್ಲಿ ಗಡುವು ಮುಗಿದಿತ್ತು, ಕೆಲಸ ಬೇರೆಯವರ ಪಾಲಾಯಿತು.

ಒಂದು ಸಣ್ಣ ಲೆಕ್ಕ ಹಾಕಿದ್ದರೆ ಆಗಲೇ ಗೊತ್ತಾಗುತ್ತಿತ್ತು. ಶಿಖರ 10 ಮೀಟರ್ ಎತ್ತರವಿದೆ, ಚಿತ್ರದಲ್ಲಿ ಅದು 1440 ಪಿಕ್ಸೆಲ್ ಎತ್ತರ ಆಕ್ರಮಿಸುತ್ತದೆ ಎಂದುಕೊಳ್ಳಿ. ಆಗ ಮೀಟರಿಗೆ 144 ಪಿಕ್ಸೆಲ್, ಅಂದರೆ ಒಂದು ಪಿಕ್ಸೆಲ್ ಸುಮಾರು 7 ಮಿಲಿಮೀಟರ್ ಕಲ್ಲಿಗೆ ಸಮ. ಒಂದು ಮೀಟರ್ ಅಗಲದ ಚೌಕಾಕಾರದ ಫಲಕವನ್ನು ಎಂಟು ಹಂತ ಸಬ್‌ಡಿವೈಡ್ ಮಾಡಿದರೆ ಪ್ರತಿ ಬದಿಗೆ 256 ಭಾಗಗಳಾಗುತ್ತವೆ. ಪ್ರತಿ ಭಾಗದ ಅಗಲ 4 ಮಿಲಿಮೀಟರ್‌ಗೂ ಕಡಿಮೆ. ಕ್ಯಾಮೆರಾ ಕಾಣಬಲ್ಲದ್ದಕ್ಕಿಂತ ಜಾಲ ಆಗಲೇ ನವಿರಾಗಿದೆ. ಒಂಬತ್ತನೆಯ ಹಂತದಲ್ಲಿ ಜಾಲದ ಚೌಕಗಳ ಸಂಖ್ಯೆ ನಾಲ್ಕು ಪಟ್ಟಾಗುತ್ತದೆ, ಚಿತ್ರದಲ್ಲಿ ಏನೂ ಬದಲಾಗುವುದಿಲ್ಲ. ಇದೇ ಅಳತೆಯಲ್ಲಿ 40 ಸೆಂಟಿಮೀಟರ್‌ನ ಮೂರ್ತಿಗೆ ಸಿಗುವುದು 58 ಪಿಕ್ಸೆಲ್, ಅದರ ಮುಖಕ್ಕೆ ಎಂಟೋ ಒಂಬತ್ತೋ. ಅಷ್ಟರಲ್ಲಿ ಕಣ್ಣು, ಮೂಗು ಯಾರಿಗೂ ಕಾಣುವುದಿಲ್ಲ. ಕಾಣುವುದು ಹೊರರೇಖೆ, ಮತ್ತು ತೋಳಿಗೂ ಮೈಗೂ ನಡುವೆ ಬೀಳುವ ಕಡುನೆರಳು. ನಿಮ್ಮ ಮೂರ್ತಿಗಳಲ್ಲಿ ಇಲ್ಲದಿರುವುದು ಇವೆರಡೇ.

ಇವು ಯಾಕಿಲ್ಲ ಎಂಬುದನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ, ಏಕೆಂದರೆ ನಾನು ಬೆಲೆ ತೆತ್ತದ್ದು ಇಲ್ಲಿ. ಫೋಟೊದಲ್ಲಿರುವುದು ಬೆಳಕು, ಎತ್ತರವಲ್ಲ. ಬಿಸಿಲು ಎಡದಿಂದ ಬಿದ್ದಿದ್ದರೆ ಎಡಗೆನ್ನೆ ಬೆಳ್ಳಗಿರುತ್ತದೆ, ಬಲಗೆನ್ನೆ ಕಪ್ಪಗಿರುತ್ತದೆ. ಫೋಟೊವನ್ನು ಬೂದುಬಣ್ಣಕ್ಕಿಳಿಸಿ ಹೈಟ್ ಮ್ಯಾಪ್ ಎಂದು ಕೊಟ್ಟರೆ ಸಾಫ್ಟ್‌ವೇರ್ ಎಡಗೆನ್ನೆಯನ್ನು ಉಬ್ಬಿಸಿ ಬಲಗೆನ್ನೆಯನ್ನು ಒಳಕ್ಕೆ ತಳ್ಳುತ್ತದೆ. ಭುಜದ ಮೇಲೆ ಕಪ್ಪು ಪಾಚಿ ಕಟ್ಟಿದ್ದರೆ ಅದು ಅಲ್ಲೊಂದು ಗುಂಡಿಯಾಗುತ್ತದೆ. ನನ್ನ ಫೋಟೊಗಳಲ್ಲಿ ಪಾಚಿಯ ಕಲೆಗಳು ಧಾರಾಳವಾಗಿದ್ದವು. ಇದರಿಂದ ಮೇಲ್ಮೈ ತರಿತರಿಯಾದಾಗ, ಎಲ್ಲರಂತೆ ನಾನೂ ಮ್ಯಾಪನ್ನು ಬ್ಲರ್ ಮಾಡಿದೆ. ತರಿಯ ಜೊತೆಗೆ ಅಳಿದುಳಿದ ಅಂಚುಗಳೂ ಹೋದವು. ಮೇಲಾಗಿ ಹೈಟ್ ಮ್ಯಾಪ್‌ಗೆ ಒಂದು ಜಾಗದಲ್ಲಿ ಒಂದೇ ಎತ್ತರ ಗೊತ್ತು. ಬಳಪದ ಕಲ್ಲು ಗಣಿಯಿಂದ ತೆಗೆದ ಹೊಸತರಲ್ಲಿ ಮೆತ್ತಗಿರುವುದರಿಂದ ಹೊಯ್ಸಳ ಶಿಲ್ಪಿ ತೋಳಿನ ಹಿಂದಕ್ಕೂ ಉಳಿಯಿಟ್ಟು ಕೊರೆದು ಮೂರ್ತಿಯನ್ನು ಹಿನ್ನೆಲೆಯಿಂದ ಬಿಡಿಸುತ್ತಿದ್ದ. ಡಿಸ್‌ಪ್ಲೇಸ್‌ಮೆಂಟ್‌ಗೆ ಆ ಹಿಂಬದಿಯ ಟೊಳ್ಳು ತೋರಿಸಲು ಬಾರದು; ತೋಳಿನ ಅಂಚಿನಿಂದ ಗೋಡೆಯವರೆಗೆ ಇಳಿಜಾರು ಎಳೆದುಬಿಡುತ್ತದೆ. ಕರಗಿದಂತೆ ಕಾಣುವುದು ಈ ಇಳಿಜಾರು.

ಖಚಿತಪಡಿಸಿಕೊಳ್ಳಲು ಎಲ್ಲ ಟೆಕ್ಸ್ಚರ್ ತೆಗೆದು ಬರೀ ಬೂದು ಮಟೀರಿಯಲ್ ಹಾಕಿ, ದೀಪವನ್ನು ಫೋಟೊದ ಬಿಸಿಲಿಗೆ ಎದುರು ದಿಕ್ಕಿನಲ್ಲಿಡಿ. ಆಗ ಮುಖಗಳು ಸೊಟ್ಟಗಾದರೆ ನಿಮ್ಮ ಮ್ಯಾಪ್‌ನಲ್ಲಿ ಎತ್ತರದ ಬದಲು ಬಿಸಿಲು ಕುಳಿತಿದೆ. ನಿಜವಾದ ಹೈಟ್ ಮ್ಯಾಪ್ ಕೈಯಲ್ಲಿದ್ದರೂ ಇಮೇಜ್ ನೋಡ್‌ನಲ್ಲಿ ಕಲರ್ ಸ್ಪೇಸ್ `Non-Color` ಆಗಿರಲಿ. `sRGB` ಎಂದೇ ಬಿಟ್ಟರೆ 0.5 ಇರಬೇಕಾದ ಎತ್ತರ 0.21ರ ಆಸುಪಾಸಿಗೆ ಕುಸಿಯುತ್ತದೆ.

ಆದ್ದರಿಂದ ಮೂರ್ತಿಗಳನ್ನು ಡಿಸ್‌ಪ್ಲೇಸ್‌ಮೆಂಟ್‌ನಿಂದ ಪೂರ್ತಿ ಹೊರಗಿಡಿ. ಐದಾರು ಮೂರ್ತಿಗಳನ್ನು ಬಿಡಿಯಾಗಿ ಸ್ಕಲ್ಪ್ಟ್ ಮಾಡಿ. ಇಲ್ಲವೇ ಮೋಡ ಕವಿದ ದಿನ ಸುತ್ತಲಿಂದ ಫೋಟೊ ತೆಗೆದು ಫೋಟೊಗ್ರಾಮೆಟ್ರಿಯಿಂದ ಜಾಲ ಪಡೆಯಿರಿ. ಆದರೆ ತೋಳಿನ ಹಿಂಬದಿಯನ್ನು ಕ್ಯಾಮೆರಾ ಕಂಡಿರದಿದ್ದರೆ ಅಲ್ಲಿಯೂ ತಂತ್ರಾಂಶ ತೇಪೆ ಹಾಕಿ ಟೊಳ್ಳನ್ನು ಮುಚ್ಚಿರುತ್ತದೆ, ಅದನ್ನು ಕೈಯಿಂದ ಕೊರೆಯಬೇಕಾಗುತ್ತದೆ. ಈ ಕೆಲವೇ ಜಾಲಗಳನ್ನು ಇನ್‌ಸ್ಟೆನ್ಸ್ ಆಗಿ ಗೂಡುಗಳಲ್ಲಿ ಕೂರಿಸಿದರೆ ಮೆಮೊರಿಗೆ ಹೊರೆಯಿಲ್ಲ. ಡಿಸ್‌ಪ್ಲೇಸ್‌ಮೆಂಟ್ ಕಲ್ಲಿನ ಮೈಯ ತರಿಗೆ, ಒಂದೆರಡು ಮಿಲಿಮೀಟರಿಗೆ ಮಾತ್ರ ಇರಲಿ. ಶಿಖರದ ಬಹುಪಾಲು ಮೈಯನ್ನು ತುಂಬುವುದು ಕಿರುಗೋಪುರ, ಕೀರ್ತಿಮುಖ, ಬಳ್ಳಿಗಳೇ. ದೊಡ್ಡ ಮೂರ್ತಿಗಳಿರುವುದು ಕೆಳಗಿನ ಗೋಡೆಯಲ್ಲಿ. ಶಿಖರದ ತುಂಬ ಮೂರ್ತಿಗಳನ್ನು ತುರುಕುವ ಆಸೆಯನ್ನೇ ಬಿಟ್ಟರೆ ಅರ್ಧ ಕೆಲಸ ಕಡಿಮೆಯಾಗುತ್ತದೆ.

ಕಲ್ಲು ಹಳೆಯದಾಗಿ ಕಾಣಲಿ ಎಂದು ಸ್ಮೂತ್ ಮಾಡಿಫೈಯರ್ ಹಾಕುವುದನ್ನು ನಾನು ಒಪ್ಪುವುದಿಲ್ಲ. ಅದು ಚಾಚಿದ ಮೂಗನ್ನೂ ಒಳಗಿನ ಸಂದನ್ನೂ ಒಂದೇ ಸಮ ದುಂಡಗಾಗಿಸುತ್ತದೆ. ಕಲ್ಲು ಹಾಗೆ ಸವೆಯುವುದಿಲ್ಲ. ಮಳೆ, ಗಾಳಿ, ಪೆಟ್ಟು ಮೊದಲು ಮುಟ್ಟುವುದು ಚಾಚಿದ ಭಾಗಗಳನ್ನು, ಆದ್ದರಿಂದ ಮೂಗು, ಬೆರಳು, ಸೂರಿನಂತೆ ಚಾಚಿರುವ ಕಪೋತದ ತುದಿ ಮುರಿದಿರುತ್ತವೆ. ಕಪೋತದ ಅಡಿಯಲ್ಲಿ ಅಡಗಿದ ಮಣಿಸಾಲು ಉಳಿ ಬಿಟ್ಟಂತೆಯೇ ಇರುತ್ತದೆ. ಆದ್ದರಿಂದ ಮೊದಲು ಎಲ್ಲವನ್ನೂ ಚೂಪಾಗಿ ಕೆತ್ತಿ, ಆಮೇಲೆ ಆಯ್ದು ಮುರಿಯಿರಿ, ಮುರಿದ ಜಾಗ ಒರಟಾಗಿ, ಚಪ್ಪಟೆಯಾಗಿ ಉಳಿಯಲಿ. ಪಾಚಿಯ ಕಪ್ಪು ಪದರಕ್ಕೆ ಮೇಲ್ಮುಖವಾಗಿರುವ ಭಾಗಗಳನ್ನು ಮಾತ್ರ ಮಾಸ್ಕ್ ಮಾಡಿ, ಕಪೋತದಿಂದ ನೀರು ಇಳಿಯುವ ಜಾಡಿನಲ್ಲಿ ಅದನ್ನು ಕೆಳಕ್ಕೆ ಎಳೆಯಿರಿ. ಬಳಪದ ಕಲ್ಲಿನ ಕಣ ಬಹಳ ನವಿರು, ಆದ್ದರಿಂದ ಮರಳುಗಲ್ಲಿನ ಟೆಕ್ಸ್ಚರ್ ಹೊದಿಸಿದರೆ ಅದು ಪಟ್ಟದಕಲ್ಲಿನ ಕಲ್ಲಾಗುತ್ತದೆ, ಸೋಮನಾಥಪುರದ್ದಲ್ಲ.

ತಲಗಳ, ಅಂದರೆ ಶಿಖರದ ಅಂತಸ್ತುಗಳ ಅನುಪಾತ ನೀವು ಕೇಳಿಲ್ಲ, ಆದರೂ ಮೂರ್ತಿಗಳು ಸರಿಯಾದ ಮೇಲೆ ಕಣ್ಣಿಗೆ ಬೀಳುವ ತಪ್ಪು ಅದೇ. ಒಂದೇ ತಲವನ್ನು 0.85ಕ್ಕೆ ಕುಗ್ಗಿಸುತ್ತ ಮೇಲೇರಿದರೆ ಅಗಲ, ಎತ್ತರ ಎರಡೂ ಒಂದೇ ಪ್ರಮಾಣದಲ್ಲಿ ಇಳಿದು ಹೊರರೇಖೆ ಶಂಕುವಿನಂತೆ ನೆಟ್ಟಗಾಗುತ್ತದೆ. ಅಗಲವನ್ನು ಪ್ರತಿ ತಲಕ್ಕೆ ಸಮನಾಗಿ, ಉದಾಹರಣೆಗೆ 50 ಸೆಂಟಿಮೀಟರ್‌ನಂತೆ ಇಳಿಸಿ, ಎತ್ತರವನ್ನು ಮಾತ್ರ 1.6, 1.36, 1.16 ಮೀಟರ್ ಹೀಗೆ ಕುಗ್ಗಿಸಿದರೆ ರೇಖೆ ಹೊರಕ್ಕೆ ಮೆಲ್ಲಗೆ ಬಾಗುತ್ತದೆ. ನಿಮ್ಮ ಮಾದರಿಗೆ ಯಾವುದು ಹೊಂದುತ್ತದೆ ಎಂದು ನೋಡಲು ಶಿಖರದ ಬುಡದಲ್ಲಿ ನಿಂತು ಮೇಲಕ್ಕೆ ತೆಗೆದ ಫೋಟೊ ಬಳಸಬೇಡಿ, ಅದರಲ್ಲಿ ಮೇಲಿನ ತಲಗಳು ಇರುವುದಕ್ಕಿಂತ ಕಿರಿದಾಗಿ, ಗಿಡ್ಡವಾಗಿ ಬಂದಿರುತ್ತವೆ. ದೂರ ನಿಂತು ಉದ್ದನೆಯ ಲೆನ್ಸ್‌ನಿಂದ ತೆಗೆದದ್ದನ್ನೇ ಹಿನ್ನೆಲೆಗಿಟ್ಟು ಅಳೆಯಿರಿ. ಮೇಲಿನ ತಲಗಳನ್ನು ಕುಗ್ಗಿಸುವಾಗ ಕಲ್ಲಿನ ಟೆಕ್ಸ್ಚರ್ ಅಳತೆಯನ್ನು ಕುಗ್ಗಿಸಬೇಡಿ. ಕಣದ ಗಾತ್ರ ಬುಡದಿಂದ ಕಳಶದವರೆಗೂ ಒಂದೇ ಇರಬೇಕು.